ಮದರ್‌ಬೋರ್ಡ್ ಕಂಡೆನ್ಸರ್: ಒಂದು ಕಾಲು ಸಡಿಲ ಆಯ್ತು, ಇನ್ನೊಂದು ಜಗ್ಗುತ್ತಿಲ್ಲ. ವಿಕ್ ಹಾಕಲಾ, ಸಕ್ಕರ್ ಹಾಕಲಾ?

ಆಳಂದ_ಝೆರಾಕ್ಸ್ · ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಆಳಂದದಲ್ಲಿ ನನ್ನದು ಚಿಕ್ಕ ಝೆರಾಕ್ಸ್, ಡಿಟಿಪಿ ಅಂಗಡಿ. ಅಂಗಡಿಯ ಹಳೇ ಡೆಸ್ಕ್‌ಟಾಪ್ ಆನ್ ಆಗುತ್ತದೆ, ಹತ್ತು ನಿಮಿಷಕ್ಕೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಬಿಚ್ಚಿ ನೋಡಿದರೆ ರ್‍ಯಾಮ್ ಸ್ಲಾಟ್ ಪಕ್ಕದ ಎರಡು ಕಂಡೆನ್ಸರ್‌ಗಳ ತಲೆ ಉಬ್ಬಿದೆ. ಎರಡೂ 1000 ಮೈಕ್ರೋಫ್ಯಾರಡ್, 6.3 ವೋಲ್ಟ್. ಹೊಸವು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಸಿಕ್ಕವು.

ತೊಂದರೆ ಇರುವುದು ಕೀಳುವುದರಲ್ಲಿ. ನನ್ನ ಹತ್ತಿರ 25 ವಾಟಿನ ಐರನ್ ಇದೆ, ಸ್ಪ್ರಿಂಗ್ ಸಕ್ಕರ್ ಇದೆ. ಪ್ಲಸ್ ಕಾಲಿನ ಬೆಸುಗೆ ಒಂದೇ ಸಲಕ್ಕೆ ಹೀರಿಕೊಂಡಿತು, ಆ ಕಾಲು ಈಗ ತೂತಿನಲ್ಲಿ ಅಲ್ಲಾಡುತ್ತದೆ. ಮೈನಸ್ ಕಾಲು ಮಾತ್ರ ಕಲ್ಲಿನಂತೆ ನಿಂತಿದೆ. ಮೇಲಿನ ಬೆಸುಗೆ ಸ್ವಲ್ಪ ಹೋಗಿ ಗುಳಿ ಬಿದ್ದಿದೆ ಅಷ್ಟೇ, ಒಳಗಿನದು ಹಾಗೇ ಇದೆ. ನಿನ್ನೆ ವಿಕ್, ಅದೇ ಬೆಸುಗೆ ಹೀರುವ ತಾಮ್ರದ ಹೆಣಿಗೆ ಪಟ್ಟಿ, ತಂದು ಇಟ್ಟು ನೋಡಿದೆ. ವಿಕ್ಕೇ ಬೋರ್ಡಿಗೆ ಅಂಟಿಕೊಂಡಿತು!

ಯಾವುದು ಸರಿ ಹೇಳಿ, ವಿಕ್ಕಾ ಸಕ್ಕರ್ರಾ? ಜೋರಾಗಿ ಎಳೆಯಲು ಭಯ.

ಶಹಾಪುರ_ವೈಂಡಿಂಗ್ · 9:20

ಸಕ್ಕರ್ರೇ ಸರಿ. ವಿಕ್ ಎಲ್ಲಾ ಸುಮ್ನೆ ದುಡ್ಡು ದಂಡ. ನಿಮ್ಮ ಐರನ್ ಸಣ್ಣದು, ಅದೇ ರೋಗ. ನಮ್ಮ ಅಂಗಡಿಯಲ್ಲಿ ಮೋಟಾರಿಗೆ ಬಳಸುವ 100 ವಾಟಿನದು ಇದೆ, ಅದನ್ನು ಇಟ್ಟರೆ ಬೆಣ್ಣೆ ಹಾಗೆ ಕರಗುತ್ತದೆ.

ಹುಮನಾಬಾದ್_ಹುಡುಗ · 9:24

ಅಣ್ಣ, ನನ್ನ ಮೊಬೈಲಿನ ಚಾರ್ಜಿಂಗ್ ಐಸಿ ತೆಗೆಯಬೇಕು. ಅದಕ್ಕೂ ವಿಕ್ ಆಗುತ್ತದಾ? ಯೂಟ್ಯೂಬಿನಲ್ಲಿ ಬಿಸಿಗಾಳಿಯ ಗನ್ ತೋರಿಸುತ್ತಾರೆ.

ಯಾದಗಿರಿ_ಲ್ಯಾಬ್ · 9:31

ಹುಮನಾಬಾದ್, ಅದು ಬೇರೆ ಕಥೆ. ಅದರ ಕಾಲುಗಳು ಬೋರ್ಡಿನ ಮೇಲೆಯೇ ಕೂತಿರುತ್ತವೆ, ತೂತು ಇರುವುದಿಲ್ಲ. ಇಲ್ಲಿ ಕಾಲು ಬೋರ್ಡಿನೊಳಗೆ ಹಾಯ್ದು ಆಚೆ ಬಂದಿದೆ. ನೀವು ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.

ಆಳಂದದವರಿಗೆ: ಬೋರ್ಡಿಗೆ ಅಂಟಿದ ವಿಕ್ಕನ್ನು ಎಳೆದು ತೆಗೆದಿರಾ, ಇಲ್ಲ ಮತ್ತೆ ಬಿಸಿ ಮಾಡಿ ತೆಗೆದಿರಾ? ಪ್ಯಾಡ್ ಎದ್ದಿದೆಯಾ ನೋಡಿ. ತಾಮ್ರದ ಉಂಗುರದ ಅಂಚು ಬೋರ್ಡಿನಿಂದ ಸ್ವಲ್ಪ ಮೇಲೆ ಬಂದಿದ್ದರೆ ಬೆಳಕಿನಲ್ಲಿ ಓರೆಯಾಗಿ ಹಿಡಿದಾಗ ಕಾಣುತ್ತದೆ.

ಆಳಂದ_ಝೆರಾಕ್ಸ್ · 9:36

ಬಿಸಿ ಮಾಡಿಯೇ ತೆಗೆದೆ ಮೇಡಂ. ಪ್ಯಾಡ್ ಕೂತಿದೆ. ಮೇಲೆ ಕಪ್ಪಗೆ ಸುಟ್ಟ ಅಂಟು ಇದೆ.

ಬೀದರ್_ರೇಡಿಯೊ · 9:58

ವಿಕ್ಕಾ ಸಕ್ಕರ್ರಾ ಅನ್ನುವುದು ಆಮೇಲಿನ ಮಾತು ತಮ್ಮಾ. ನಿಮ್ಮ ಬೆಸುಗೆ ಪೂರ್ತಿ ಕರಗುತ್ತಲೇ ಇಲ್ಲ. ಕರಗದ್ದನ್ನು ಯಾವ ಯಂತ್ರವೂ ಹೀರುವುದಿಲ್ಲ.

ಮದರ್‌ಬೋರ್ಡ್ ಒಳಗೆ ಪದರಗಳಿರುತ್ತವೆ. ಸಾಮಾನ್ಯವಾಗಿ ನಾಲ್ಕು. ಅದರಲ್ಲಿ ಒಂದು ಪದರ ಇಡೀ ಬೋರ್ಡಿನಷ್ಟು ಅಗಲದ ತಾಮ್ರದ ಹಾಳೆ, ಅದೇ ಗ್ರೌಂಡ್. ನಿಮ್ಮ ಮೈನಸ್ ಕಾಲು ಆ ಹಾಳೆಗೆ ಕೂಡಿದೆ. ಐರನ್ ಕೊಟ್ಟ ಶಾಖವೆಲ್ಲ ಹಾಳೆಯುದ್ದಕ್ಕೂ ಹರಿದು ಹೋಗುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲಕ್ಕೆ ಒಂದು ಕೊಡ ನೀರು ಸುರಿದ ಹಾಗೆ. ಪ್ಲಸ್ ಕಾಲು ಸಣ್ಣ ತಾಮ್ರಕ್ಕೆ ಕೂಡಿದೆ, ಅದಕ್ಕೇ ಬೇಗ ಬಂತು. ಸಿಪಿಯು ಪಕ್ಕದ ಕಂಡೆನ್ಸರ್ ಆಗಿದ್ದರೆ ಎರಡೂ ಕಾಲು ಹೀಗೇ ಕಾಡುತ್ತಿದ್ದವು.

ಗುಳಿ ಬಿದ್ದಿದೆ ಅಂದಿರಲ್ಲ, ಅದೇ ಗುರುತು. ಮೇಲಿನದು ಕರಗಿತ್ತು, ತೂತಿನೊಳಗಿನದು ಕರಗಿರಲಿಲ್ಲ. ವಿಕ್ ಅಂಟಿದ್ದೂ ಅದಕ್ಕೇ. ವಿಕ್ಕೂ ತಾಮ್ರವೇ, ಅದೂ ಶಾಖ ತಿನ್ನುತ್ತದೆ. ಮೊದಲೇ ಸಾಲದ ಶಾಖಕ್ಕೆ ಇನ್ನೊಂದು ಬಾಯಿ ಕೂಡಿಸಿದಿರಿ.

ಎರಡು ಪ್ರಶ್ನೆ. ಕೆಲಸ ಎಷ್ಟು ಹೊತ್ತಿಗೆ ಮಾಡಿದಿರಿ? ಫ್ಯಾನ್ ಹಾಕಿಕೊಂಡಿದ್ದಿರಾ?

ಆಳಂದ_ಝೆರಾಕ್ಸ್ · 10:05

ಅಂಗಡಿ ಮುಚ್ಚಿದ ಮೇಲೆ, ಸಂಜೆ 7-8ರ ಹೊತ್ತಿಗೆ. ಫ್ಯಾನ್ ಇಲ್ಲದೆ ಮೇ ತಿಂಗಳಲ್ಲಿ ಕೂರುವುದು ಹೇಗೆ ಸರ್? ತಲೆ ಮೇಲೆಯೇ ತಿರುಗುತ್ತಿತ್ತು.

ಬೀದರ್_ರೇಡಿಯೊ · 10:21

ಸಿಕ್ಕಿತು ನೋಡಿ.

ಸಂಜೆ ಆ ಕಡೆ ವೋಲ್ಟೇಜ್ ಎಷ್ಟಿರುತ್ತದೆ ಅಂತ ಮೀಟರ್ ಇಟ್ಟು ನೋಡಿ. 180 ಇದ್ದರೆ ನಿಮ್ಮ ಐರನ್ 25 ವಾಟಿನದಾಗಿ ಉಳಿಯುವುದಿಲ್ಲ. ಅದು ಬರೀ ಕಾಯಿಸುವ ತಂತಿ, ಅದಕ್ಕೆ ತಾಪ ಹಿಡಿದಿಡುವ ಸರ್ಕ್ಯೂಟ್ ಇಲ್ಲ. ವೋಲ್ಟೇಜ್ ಇಳಿದಂತೆ ವಾಟು ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 180 ಭಾಗಿಸು 230, ಅದರ ವರ್ಗ ಸುಮಾರು 0.61. ಅಂದರೆ ನಿಮ್ಮ ಕೈಯಲ್ಲಿದ್ದದ್ದು 15 ವಾಟಿನ ಐರನ್. ಅದರ ಮೇಲೆ ಫ್ಯಾನ್ ಗಾಳಿ ಬೋರ್ಡನ್ನು ಎಡೆಬಿಡದೆ ತಣ್ಣಗೆ ಮಾಡುತ್ತಿತ್ತು.

ಬೆಳಗ್ಗೆ ಕರೆಂಟ್ ಚೆನ್ನಾಗಿದ್ದಾಗ, ಫ್ಯಾನ್ ಆಫ್ ಮಾಡಿ ಮಾಡಿ. ಅರ್ಧ ರೋಗ ಅಲ್ಲೇ ಹೋಗುತ್ತದೆ.

ತೊಗರಿ_ಹೊಲ · 10:26

ನಮ್ಮ ಕಡೆ ಬೆಳಗ್ಗೆ ಕರೆಂಟೇ ಇರುವುದಿಲ್ಲ ಸರ್, ಇದ್ದಾಗ ಬೋರ್‌ವೆಲ್ ಮೋಟಾರ್ ಎಲ್ಲರೂ ಒಟ್ಟಿಗೆ ಹಾಕುತ್ತಾರೆ 😄

ಶಹಾಪುರ_ವೈಂಡಿಂಗ್ · 10:30

ನಾನು ಹೇಳಿದ್ದೂ ಅದೇ ಅಲ್ವಾ? ಐರನ್ ಸಣ್ಣದು ಅಂದೆ. 100 ವಾಟ್ ತಗೊಳ್ಳಿ, ಫ್ಯಾನ್ ತಿರುಗಲಿ ಬಿಡಿ.

ಯಾದಗಿರಿ_ಲ್ಯಾಬ್ · 10:44

ಕಾರಣ ಸರಿ ಹಿಡಿದಿರಿ, ಮದ್ದು ಮಾತ್ರ ಅತಿಯಾಯ್ತು. ಮೋಟಾರಿಗೆ ಬಳಸುವ ಐರನ್ನಿನ ಬಿಟ್ಟು ಹೆಬ್ಬೆರಳಿನಷ್ಟು ದಪ್ಪ. ಕಾಲುಗಳ ನಡುವೆ ಇರುವುದು 3.5 ಮಿಲಿಮೀಟರ್. ಪಕ್ಕದ ಸಣ್ಣ ರೆಸಿಸ್ಟರ್‌ಗಳನ್ನೂ ಅದು ಕೆರೆದುಕೊಂಡು ಬರುತ್ತದೆ. ಆ ಐರನ್‌ಗಳಿಗೆ ತಾಪ ಮಿತಿ ಇರುವುದಿಲ್ಲ. ಸಣ್ಣ ಪ್ಯಾಡಿನ ಮೇಲೆ ಇಟ್ಟರೆ ಪ್ಯಾಡ್ ಹಿಡಿದಿರುವ ಅಂಟೇ ಸುಡುತ್ತದೆ.

50-60 ವಾಟಿನ, ತಾಪ ಹೊಂದಿಸುವ ಐರನ್ ಸಾಕು. 350 ಡಿಗ್ರಿಯಿಂದ 380 ಡಿಗ್ರಿ. ಚೂಪು ಬಿಟ್ ಬೇಡ. ಉಳಿ ಬಾಯಿಯ ಬಿಟ್ ಹಾಕಿ, ಅಗಲವಾಗಿ ತಾಗಬೇಕು. ಎಷ್ಟೋ ಹುಡುಗರು ಚೂಪು ಬಿಟ್ ಇಟ್ಟು ತಾಪ 450ಕ್ಕೆ ಏರಿಸುತ್ತಾರೆ. ತಾಗುವ ಜಾಗ ಚುಕ್ಕಿಯಷ್ಟಿದ್ದರೆ ತಾಪ ಏರಿಸಿ ಏನು ಬಂತು? ಬಿಟ್ ಕಪ್ಪಾಗುತ್ತದೆ, ಆಮೇಲೆ ಬೆಸುಗೆ ಹಿಡಿಯುವುದೇ ಇಲ್ಲ.

ಸೇಡಂ_ಡಿಪ್ಲೊಮಾ · 10:49

ಮೇಡಂ ನಾನು 450ಕ್ಕೇ ಇಡುವುದು, ಚೆನ್ನಾಗೇ ಬರುತ್ತದೆ. ಬಿಟ್ ಸ್ವಸ್ತಾ ಸಿಗುತ್ತದೆ, ಬದಲಿಸಿದರಾಯ್ತು.

ಯಾದಗಿರಿ_ಲ್ಯಾಬ್ · 10:52

ಬಿಟ್ ಬದಲಿಸಬಹುದು ಕಣಪ್ಪ. ಪ್ಯಾಡ್ ಬದಲಿಸುತ್ತೀಯಾ?

ಬೀದರ್_ರೇಡಿಯೊ · ಮರುದಿನ ಬೆಳಗ್ಗೆ 6:40

ನಾನು ಮಾಡುವ ರೀತಿ ಹೇಳುತ್ತೇನೆ. ಈ ಕೆಲಸಕ್ಕೆ ಮೊದಲು ಸಕ್ಕರ್ರೂ ಬೇಡ, ವಿಕ್ಕೂ ಬೇಡ.

ಕರೆಂಟ್ ವೈರ್ ತೆಗೆಯಿರಿ, ನಾಣ್ಯದಂಥ ಬ್ಯಾಟರಿ ತೆಗೆಯಿರಿ, ಬೋರ್ಡನ್ನು ಡಬ್ಬದಿಂದ ಹೊರಗೆ ತನ್ನಿ. ಒಂದು ಫೋಟೊ ಹೊಡೆಯಿರಿ, ಮೈನಸ್ ಪಟ್ಟಿ ಯಾವ ಕಡೆ ಇದೆ ಅಂತ ಕಾಣಬೇಕು. ಬೋರ್ಡಿನ ಮೇಲಿನ ಗುರುತನ್ನು ಮಾತ್ರ ನಂಬಬೇಡಿ. ಬಣ್ಣ ತುಂಬಿದ ಅರ್ಧ ಹೆಚ್ಚಿನ ಬೋರ್ಡುಗಳಲ್ಲಿ ಮೈನಸ್, ಕೆಲವುಗಳಲ್ಲಿ ಉಲ್ಟಾ.

ಈಗ ಸುಟ್ಟ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ಒಣಗಿದ ಮೇಲೆ ಎರಡೂ ಕಾಲಿಗೆ ಫ್ಲಕ್ಸ್ ಹಚ್ಚಿ. ರೋಸಿನ್ ಫ್ಲಕ್ಸ್, ತಗಡಿನ ಬೆಸುಗೆಯವರು ಬಳಸುವ ಆಸಿಡ್ ಅಲ್ಲ. ಅದು ವರ್ಷದಲ್ಲಿ ಟ್ರ್ಯಾಕ್ ತಿಂದು ಹಾಕುತ್ತದೆ.

ಆಮೇಲೆ ತೆಗೆಯುವ ಬದಲು ಹಾಕಬೇಕು! ಹೊಸ ಸೀಸದ ಬೆಸುಗೆ ತಂತಿ, 60/40 ಅಥವಾ 63/37, ಎರಡೂ ಕಾಲಿನ ಮೇಲೆ ಧಾರಾಳವಾಗಿ ಕರಗಿಸಿ. ಎರಡು ಕಾಲಿಗೂ ಸೇತುವೆಯಾಗಿ ಒಂದೇ ದೊಡ್ಡ ಹನಿ ನಿಲ್ಲಬೇಕು. ಯಾಕೆ ಅಂದರೆ ಫ್ಯಾಕ್ಟರಿಯ ಬೆಸುಗೆಯಲ್ಲಿ ಸೀಸ ಇಲ್ಲ, ಅದು ಕರಗುವುದು 217 ಡಿಗ್ರಿ ದಾಟಿದ ಮೇಲೆ. 63/37 ಕರಗುವುದು 183ಕ್ಕೆ. ಎರಡೂ ಬೆರೆತರೆ ಕರಗುವ ತಾಪ ಇಳಿಯುತ್ತದೆ. ಇನ್ನೊಂದು, ಹಸಿ ಹನಿ ಬಿಟ್ಟಿನ ಶಾಖವನ್ನು ಕಾಲಿನ ಸುತ್ತಲೂ ಮುಟ್ಟಿಸುತ್ತದೆ.

ಬೋರ್ಡನ್ನು ನಿಲ್ಲಿಸಿ ಹಿಡಿದು, ಉಳಿ ಬಿಟ್ಟನ್ನು ಎರಡೂ ಕಾಲಿಗೆ ತಾಗುವಂತೆ ಅಡ್ಡ ಇಡಿ. ಆಚೆ ಕಡೆಯ ಕೈ ಕಂಡೆನ್ಸರ್ ಮೇಲೆ ಇರಲಿ, ಬಟ್ಟೆ ಸುತ್ತಿಕೊಳ್ಳಿ. ಹನಿ ಪೂರ್ತಿ ಹೊಳೆಯುತ್ತದೆ, ಹತ್ತು ಸೆಕೆಂಡೋ ಹದಿನೈದೋ ಕಳೆದ ಮೇಲೆ ಕಂಡೆನ್ಸರ್ ಮೆಲ್ಲಗೆ ವಾಲುತ್ತದೆ. ಆಗ ಎಳೆಯುವುದೇನೂ ಇರುವುದಿಲ್ಲ, ಅದೇ ಜಾರಿ ಬರುತ್ತದೆ. ಬಾರದಿದ್ದರೆ ಐರನ್ ತೆಗೆದು ಬಿಡಿ, ಬೋರ್ಡ್ ತಣ್ಣಗಾಗಲಿ, ಮತ್ತೆ ಫ್ಲಕ್ಸ್ ಹಚ್ಚಿ.

ಆಳಂದ_ಝೆರಾಕ್ಸ್ · 7:15

ಜೋರಾಗಿ ಎಳೆದರೆ ಏನಾಗುತ್ತದೆ ಸರ್? ಪ್ಯಾಡ್ ಹೋದರೆ ವೈರ್ ಹಾಕಿಕೊಂಡರಾಯ್ತು ಅಂತ ಇಲ್ಲಿ ಒಬ್ಬರು ಹೇಳಿದರು.

ಬೀದರ್_ರೇಡಿಯೊ · 7:33

ರೇಡಿಯೊ ಬೋರ್ಡಿನಲ್ಲಿ ಆಗುತ್ತದೆ. ಅದಕ್ಕೆ ಒಂದೇ ಕಡೆ ತಾಮ್ರ. ಮದರ್‌ಬೋರ್ಡಿನ ತೂತಿನೊಳಗೆ ಗೋಡೆಗೆ ತಾಮ್ರದ ತೆಳು ಲೇಪ ಇರುತ್ತದೆ, ಒಳಪದರಗಳು ಕೂಡುವುದು ಆ ಗೋಡೆಗೇ. ಅರೆಬರೆ ಕರಗಿದಾಗ ಎಳೆದರೆ ಆ ಗೋಡೆ ಕೊಳವೆಯಾಗಿ ಕಾಲಿನ ಜೊತೆ ಕಿತ್ತು ಬರುತ್ತದೆ. ಒಳಪದರಕ್ಕೆ ವೈರ್ ಹೇಗೆ ಹಾಕುತ್ತೀರಿ? ಗ್ರೌಂಡ್ ಆದರೆ ಪರವಾಗಿಲ್ಲ, ಬೇರೆ ಕಡೆಯಿಂದ ಎಳೆದು ಕೊಡಬಹುದು. ಎಲ್ಲಾ ಕಾಲಿಗೂ ಆ ಅದೃಷ್ಟ ಇರುವುದಿಲ್ಲ.

ಕಿತ್ತ ಕಾಲನ್ನು ನೋಡಿ. ಬೆಳ್ಳಗೆ ನುಣ್ಣಗೆ ಇದ್ದರೆ ಸರಿ. ಸುತ್ತ ಚಿಕ್ಕ ಕೊಳವೆ ಕೂತಿದ್ದರೆ ಗೋಡೆ ಬಂದಿದೆ ಅಂತಲೇ.

ಜೇವರ್ಗಿ_ಮಾಸ್ತರ · 7:50

ಇಷ್ಟೆಲ್ಲ ಯಾಕ್ರೀ? ಸೆಕೆಂಡ್ ಹ್ಯಾಂಡ್ ಬೋರ್ಡ್ ಹೈದರಾಬಾದಿನ ಕೋಠಿ ಗುಜರಾತಿ ಗಲ್ಲಿಯಲ್ಲಿ ಸಿಗುತ್ತದೆ. ಬೆಳಗ್ಗೆ ಟ್ರೈನ್ ಹತ್ತಿದರೆ ರಾತ್ರಿ ಮನೆಗೆ.

ಆಳಂದ_ಝೆರಾಕ್ಸ್ · 7:58

ಮಾಸ್ತರ, ಈ ಬೋರ್ಡಿಗೆ ಹಳೇ ಪ್ರಿಂಟರ್ ಪೋರ್ಟ್ ಇದೆ, ಆ 25 ಪಿನ್ನಿನದು. ಲಗ್ನಪತ್ರಿಕೆ ಕೆಲಸದ ಪ್ರಿಂಟರ್ ಅದರ ಮೇಲೆಯೇ ನಡೆಯುವುದು. ಹಳೇ ನುಡಿ ಫೈಲುಗಳೂ ಇದರಲ್ಲೇ ಇವೆ. ಹೊಸ ಬೋರ್ಡಿನಲ್ಲಿ ಆ ಪೋರ್ಟ್ ಎಲ್ಲಿದೆ?

ಜೇವರ್ಗಿ_ಮಾಸ್ತರ · 8:03

ಹಂಗಾದ್ರ ಮಾಡ್ರಿ. ಫೈಲು ಮಾತ್ರ ಪೆನ್‌ಡ್ರೈವಿಗೆ ಹಾಕಿ ಇಟ್ಟುಕೊಳ್ಳಿ, ಅದಕ್ಕೆ ಬೆಸುಗೆ ಬೇಕಿಲ್ಲ.

ತೊಗರಿ_ಹೊಲ · 8:10

ಬೋರ್ಡ್ ಬಿಸಿ ಮಾಡಲು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟರೆ ಆಗಲ್ವಾ? ನಮ್ಮಲ್ಲಿ 43 ಡಿಗ್ರಿ, ಪುಕ್ಕಟೆ.

ಯಾದಗಿರಿ_ಲ್ಯಾಬ್ · 8:29

ನಗುವ ಮಾತಾದರೂ ದಾರಿ ಸರಿ ಇದೆ. ಬೋರ್ಡ್ 40 ಡಿಗ್ರಿಯಿಂದ 217ಕ್ಕೆ ಹೋಗಲು 177 ಡಿಗ್ರಿ ಏರಬೇಕು. ಮೊದಲೇ 100ಕ್ಕೆ ಕಾಯಿಸಿದ್ದರೆ ಐರನ್ ಏರಿಸಬೇಕಾದದ್ದು 117 ಮಾತ್ರ. ಬಿಸಿಲಿನಿಂದ ಅಷ್ಟು ಸಿಗುವುದಿಲ್ಲ. ಬಿಸಿಗಾಳಿಯ ಗನ್ ಇದ್ದರೆ ಕಡಿಮೆ ತಾಪದಲ್ಲಿ, ಒಂದು ಗೇಣು ದೂರದಿಂದ, ಕೆಳಗಿನ ಬದಿಗೆ ಎರಡು ಮೂರು ನಿಮಿಷ ಆಡಿಸಿ. ಒಂದೇ ಜಾಗಕ್ಕೆ ಹಿಡಿಯಬೇಡಿ, ಪ್ಲಾಸ್ಟಿಕ್ ಸ್ಲಾಟುಗಳು ಸೊಟ್ಟಗಾಗುತ್ತವೆ. ಕೂದಲು ಒಣಗಿಸುವ ಡ್ರೈಯರ್ ಅಷ್ಟು ಬಿಸಿ ಮಾಡುವುದಿಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿ.

ರೇಡಿಯೊ ಸರ್ ಹೇಳಿದ ಸೇತುವೆ ಹನಿ ಎರಡು ಕಾಲಿನ ಕಂಡೆನ್ಸರಿಗೆ ಚೆನ್ನ. 16 ಕಾಲಿನ ಐಸಿಗೆ ಅದನ್ನು ಮಾಡಲು ಹೋಗಬೇಡಿ. ಹಾಳಾದ ಐಸಿ ಆದರೆ ಕಟರ್‌ನಿಂದ ಮೈ ಬಳಿ ಕಾಲುಗಳನ್ನು ಕತ್ತರಿಸಿ, ಒಂದೊಂದೇ ಕಾಲನ್ನು ಬಿಸಿ ಮಾಡಿ ಚಿಮಟದಲ್ಲಿ ತೆಗೆಯಿರಿ. ಹೇಗೂ ಎಸೆಯುವ ಐಸಿ, ಬೋರ್ಡ್ ಉಳಿಯಲಿ.

ಆಳಂದ_ಝೆರಾಕ್ಸ್ · ಮರುದಿನ ಮಧ್ಯಾಹ್ನ 12:35

ಬಂತು! ಕಲಬುರಗಿಯ ಗೆಳೆಯನಿಂದ 60 ವಾಟಿನದು ತಂದೆ. ಮೀಟರ್ ಇಟ್ಟು ನೋಡಿದರೆ ಬೆಳಗ್ಗೆ 221, ನಿನ್ನೆ ಸಂಜೆ 184. ರೇಡಿಯೊ ಸರ್ ಕಣ್ಣಾರೆ ಕಂಡ ಹಾಗೆ ಹೇಳಿದಿರಿ. ಫ್ಯಾನ್ ಆಫ್ ಮಾಡಿ, ಹೊಸ ಲೆಡ್ ಸುರಿದು, ಬಿಟ್ ಅಡ್ಡ ಇಟ್ಟೆ. ಎರಡೂ ಕಂಡೆನ್ಸರ್ ತಾವೇ ವಾಲಿ ಬಂದವು. ಕಾಲುಗಳು ನುಣ್ಣಗಿವೆ, ಕೊಳವೆ ಇಲ್ಲ.

ಈಗ ತೂತುಗಳು ಬೆಸುಗೆಯಿಂದ ಮುಚ್ಚಿವೆ. ಪ್ಲಸ್ ತೂತುಗಳು ಸಕ್ಕರ್‌ನಿಂದ ತೆರೆದವು. ಒಂದು ಮೈನಸ್ ತೂತೂ ತೆರೆಯಿತು. ಕೊನೆಯದು ಒಂದು ಹಟ ಹಿಡಿದಿದೆ.

ಬೀದರ್_ರೇಡಿಯೊ · 1:10

ಸಕ್ಕರ್ ಕೆಲಸ ಶುರುವಾಗುವುದೇ ಈಗ. ಒಂದೇ ಕಡೆಯಿಂದ ಐರನ್ ತೆಗೆದು ಸಕ್ಕರ್ ಇಡುತ್ತಿದ್ದೀರಿ ಅಲ್ಲವೇ? ಆ ಅರ್ಧ ಸೆಕೆಂಡಿನಲ್ಲೇ ಗ್ರೌಂಡ್ ತೂತು ಗಟ್ಟಿಯಾಗುತ್ತದೆ. ಕಂಡೆನ್ಸರ್ ಹೋಗಿದೆ, ಈಗ ಎರಡೂ ಕಡೆ ಖಾಲಿ. ಬೋರ್ಡನ್ನು ನಿಲ್ಲಿಸಿ, ಈ ಕಡೆಯಿಂದ ಐರನ್, ಆ ಕಡೆಯಿಂದ ಸಕ್ಕರ್ ಮೂತಿ ತೂತಿಗೆ ಒತ್ತಿ. ತೂತಿನಲ್ಲಿ ಬೆಸುಗೆ ಕಮ್ಮಿ ಇದ್ದರೆ ಮೊದಲು ಇನ್ನಷ್ಟು ತುಂಬಿ. ಆ ಕಡೆಯಿಂದ ಹೊಳಪು ಕಂಡ ಮೇಲೆ, ಐರನ್ ಇಟ್ಟಿರುವಂತೆಯೇ ಗುಂಡಿ ಒತ್ತಿ.

ಸಕ್ಕರ್ ಮೂತಿ ತೂತಿನ ಸುತ್ತ ಗಾಳಿ ಆಡದಂತೆ ಕೂರಬೇಕು. ಮೂತಿಗೆ ಸಿಲಿಕೋನ್ ಟ್ಯೂಬಿನ ತುಂಡು ಏರಿಸಿದರೆ ಚೆನ್ನಾಗಿ ಕೂರುತ್ತದೆ, ಗುಂಡಿ ಒತ್ತಿದಾಗ ಸ್ಪ್ರಿಂಗ್ ಒದೆತ ಪ್ಯಾಡಿಗೆ ಬೀಳುವುದಿಲ್ಲ. ಒಳಗೆ ಕಸ ತುಂಬಿದ್ದರೆ ಬಿಚ್ಚಿ ತೆಗೆಯಿರಿ, ಹೀರುವ ಬಲ ಅದಕ್ಕೇ ಹೋಗಿರುತ್ತದೆ.

ಶಹಾಪುರ_ವೈಂಡಿಂಗ್ · 1:18

ಅಷ್ಟೆಲ್ಲ ಯಾಕೆ? ಒಂದು ಮಿಲಿಮೀಟರಿನ ಡ್ರಿಲ್ ಬಿಟ್ಟು ಹಾಕಿ ಗಿರ್ ಅಂತ ತೆರೆದು ಬಿಡಿ.

ಯಾದಗಿರಿ_ಲ್ಯಾಬ್ · 1:22

ಬೇಡ! ಆ ಗೋಡೆಯ ಲೇಪ ಕಾಗದಕ್ಕಿಂತ ತೆಳು. ಡ್ರಿಲ್ ಅದನ್ನೇ ಕೆರೆದು ತೆಗೆಯುತ್ತದೆ. ಒಳಪದರದ ತಾಮ್ರ ಚೂರಾಗಿ ಪಕ್ಕದ ಪದರಕ್ಕೆ ತಾಗಿದರೆ ಶಾರ್ಟ್. ಹಲ್ಲುಕಡ್ಡಿ ಚೂಪು ಮಾಡಿ, ಈ ಕಡೆಯಿಂದ ಐರನ್ ಇಟ್ಟು ಕರಗಿದಾಗ ಆ ಕಡೆಯಿಂದ ತೂರಿಸಿ. ಕಟ್ಟಿಗೆಗೆ ಬೆಸುಗೆ ಹಿಡಿಯುವುದಿಲ್ಲ.

ಬೀದರ್_ರೇಡಿಯೊ · 1:30

ಹಲ್ಲುಕಡ್ಡಿ ಸುಟ್ಟು ತುದಿ ಮುರಿದು ತೂತಲ್ಲೇ ಉಳಿಯುತ್ತದೆ ಮೇಡಂ. ನಾನು ಸ್ಟೀಲಿನ ಇಂಜೆಕ್ಷನ್ ಸೂಜಿ ಬಳಸುತ್ತೇನೆ. ಸ್ಟೇನ್‌ಲೆಸ್‌ಗೂ ಬೆಸುಗೆ ಹಿಡಿಯುವುದಿಲ್ಲ.

ಯಾದಗಿರಿ_ಲ್ಯಾಬ್ · 1:34

ನಿಮ್ಮ ಕೈ ಹದವಾಗಿದೆ ಸರ್, ಹೊಸಬರ ಕೈಗೆ ಸೂಜಿ ಕೊಟ್ಟರೆ ಕರಗುವ ಮೊದಲೇ ಒತ್ತುತ್ತಾರೆ, ಗೋಡೆ ಗೀರುತ್ತಾರೆ. ಕಡ್ಡಿ ಮುರಿದರೆ ಕಡ್ಡಿ ಹೋಗುತ್ತದೆ, ಅಷ್ಟೇ.

ಬೀದರ್_ರೇಡಿಯೊ · 1:36

ಮುರಿದ ಕಡ್ಡಿ ತೆಗೆಯಲು ಮತ್ತೆ ಸೂಜಿಯೇ ಬೇಕು 🙂

ಸೇಡಂ_ಡಿಪ್ಲೊಮಾ · 1:41

ಹಾಗಾದರೆ ವಿಕ್ ಯಾವುದಕ್ಕೆ? ಎಲ್ಲರೂ ವಿಕ್ಕನ್ನು ಬೈದೇ ಬಿಟ್ಟಿರಿ.

ಯಾದಗಿರಿ_ಲ್ಯಾಬ್ · 1:55

ತೂತು ತೆರೆದ ಮೇಲೆ ಪ್ಯಾಡಿನ ಮೇಲೆ ಉಳಿದ ಉಬ್ಬು ತೆಗೆಯಲು ಅದಕ್ಕಿಂತ ಒಳ್ಳೆಯದಿಲ್ಲ. ಪ್ಯಾಡಿನಷ್ಟೇ ಅಗಲದ್ದು ತಗೊಳ್ಳಿ, 2 ಮಿಲಿಮೀಟರ್ ಸುತ್ತಮುತ್ತ. ಅದರ ಮೇಲೂ ಫ್ಲಕ್ಸ್ ಹಚ್ಚಿ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದ ವಿಕ್ ಕಂದಾಗಿರುತ್ತದೆ, ಅದು ಬೆಸುಗೆಯನ್ನು ಮೂಸಿಯೂ ನೋಡುವುದಿಲ್ಲ. ಬೆಳ್ಳಿ ಬಣ್ಣಕ್ಕೆ ತಿರುಗಿದ ತುಂಡನ್ನು ಕತ್ತರಿಸಿ ಎಸೆಯಿರಿ, ಉಳಿಸಿಕೊಂಡರೆ ಅದು ಶಾಖ ಕದಿಯುತ್ತದೆ ಅಷ್ಟೇ. ತೆಗೆಯುವಾಗ ವಿಕ್ ಮತ್ತು ಐರನ್ ಒಟ್ಟಿಗೆ ಎತ್ತಬೇಕು. ಐರನ್ ಮೊದಲು ಎತ್ತಿದರೆ ಆಳಂದದವರಿಗೆ ಆದಂತೆ ಅಂಟುತ್ತದೆ.

ಒಂದೇ ಕಡೆ ತಾಮ್ರದ ಬೋರ್ಡು, ಅಂದರೆ ಮಿಕ್ಸರ್, ಚಾರ್ಜರ್, ಹಳೇ ಟಿವಿ, ಅವುಗಳಲ್ಲಿ ವಿಕ್ಕೊಂದೇ ಸಾಕಾಗುತ್ತದೆ. ಅಲ್ಲಿ ತೂತಿಗೆ ಗೋಡೆಯೇ ಇಲ್ಲ.

ಬೀದರ್_ರೇಡಿಯೊ · 2:03

ಅಲ್ಲಿ ನಾನು ಸಕ್ಕರ್ರೇ ಅನ್ನುತ್ತೇನೆ. ಒಂದೇ ಕಡೆಯ ಬೋರ್ಡಿನ ಪ್ಯಾಡ್ ಬರೀ ಅಂಟಿನ ಮೇಲೆ ನಿಂತಿರುತ್ತದೆ, ವಿಕ್ ಇಟ್ಟು ತಿಕ್ಕಿದರೆ ಕಿತ್ತು ಬರುತ್ತದೆ. ಸಕ್ಕರ್ ಆದರೆ ಎರಡು ಸೆಕೆಂಡಿನ ಕೆಲಸ.

ಯಾದಗಿರಿ_ಲ್ಯಾಬ್ · 2:06

ತಿಕ್ಕಿ ಅಂತ ಯಾರು ಹೇಳಿದರು? ಇಡಬೇಕು, ತಿಕ್ಕಬಾರದು. ಸಕ್ಕರ್ ಒದೆತಕ್ಕೂ ಅದೇ ಪ್ಯಾಡ್ ಏಳುತ್ತದೆ.

ತೊಗರಿ_ಹೊಲ · 2:09

ಇವರಿಬ್ಬರ ಜಗಳ ಮುಗಿಯುವಷ್ಟರಲ್ಲಿ ಲಗ್ನದ ಸೀಸನ್ನೇ ಮುಗಿಯುತ್ತದೆ.

ಆಳಂದ_ಝೆರಾಕ್ಸ್ · ಸಂಜೆ 5:20

ಕೊನೆಯ ತೂತು ತೆರೆಯಿತು. ಎರಡು ಕಡೆಯಿಂದ ಸಕ್ಕರ್ ಇಟ್ಟಾಗ ಒಮ್ಮೆಗೆ ಬರಲಿಲ್ಲ, ಇನ್ನಷ್ಟು ಲೆಡ್ ತುಂಬಿ ಒತ್ತಿದ ಮೇಲೆ ಬಂತು. ಹಲ್ಲುಕಡ್ಡಿ, ಸೂಜಿ ಎರಡೂ ಬೇಕಾಗಲಿಲ್ಲ, ಹಾಗಾಗಿ ಯಾರು ಗೆದ್ದರು ಹೇಳಲಾರೆ. ತೂತಿನ ಗೋಡೆಯಿಂದ ಬೋರ್ಡಿನ ಸ್ಕ್ರೂ ತೂತಿನ ಉಂಗುರಕ್ಕೆ ಮೀಟರ್ ಬೀಪ್ ಕೊಟ್ಟಿತು. ಗ್ರೌಂಡ್ ಕೂಡಿದೆ ಅಂತ ಅರ್ಥ ತಾನೇ?

ಹೊಸವು ಹಾಕಿದೆ, ಫೋಟೊ ನೋಡಿ ಪಟ್ಟಿ ಕಡೆ ಹೊಂದಿಸಿದೆ. ಆನ್ ಆಗಿದೆ. ಒಂದು ಗಂಟೆಯಿಂದ ನಡೆಯುತ್ತಿದೆ.

ಬೀದರ್_ರೇಡಿಯೊ · 5:41

ಹೌದು, ಕೂಡಿದೆ. ಆದರೆ ಹಾಕಿದ ಮೇಲೆ ಗ್ರೌಂಡ್ ಕಾಲಿನ ಆಚೆ ಬದಿ ನೋಡಿದಿರಾ? ಕಂಡೆನ್ಸರ್ ಕೆಳಗಿನ ಅಂಚಿನಲ್ಲಿ ಬೆಸುಗೆ ಮೇಲೆ ಹತ್ತಿ ಬಂದಿರಬೇಕು. ಕೆಳಗೆ ಮಾತ್ರ ಗುಪ್ಪೆಯಾಗಿ ಕೂತಿದ್ದರೆ ಒಳಗೆ ಹಿಡಿದಿಲ್ಲ. ಕೀಳುವಾಗ ಶಾಖ ಸಾಲದಿದ್ದ ಕಾಲಿಗೆ ಹಾಕುವಾಗಲೂ ಸಾಲುವುದಿಲ್ಲ.

ಮತ್ತೆ, ತಂದ ಕಂಡೆನ್ಸರ್ ಮೇಲೆ 105 ಡಿಗ್ರಿ ಅಂತ ಬರೆದಿದೆಯಾ? ಮಾಮೂಲಿ 85ರದ್ದಾದರೆ ನಮ್ಮ ಬಿಸಿಲಿಗೆ, ಆ ಡಬ್ಬದೊಳಗೆ, ಬಹಳ ದಿನ ಬಾಳುವುದಿಲ್ಲ. ಲೋ ಇಎಸ್‌ಆರ್, ಅಂದರೆ ಒಳಗಿನ ರೋಧ ಕಡಿಮೆ ಇರುವುದು, ಅಂತ ಕೇಳಿ ತಂದಿದ್ದರೆ ಇನ್ನೂ ಒಳ್ಳೆಯದು.

ಆಳಂದ_ಝೆರಾಕ್ಸ್ · 5:52

105 ಅಂತ ಇದೆ. ಲೋ ಇಎಸ್‌ಆರ್ ಕೇಳಿದ್ದಕ್ಕೆ ಅಂಗಡಿಯವರು "ಎಲ್ಲಾ ಒಂದೇ" ಅಂದರು. ಒಂದು ಗ್ರೌಂಡ್ ಕಾಲು ಗುಪ್ಪೆಯಾಗಿಯೇ ಕಾಣುತ್ತಿದೆ, ಬೆಳಗ್ಗೆ ಮತ್ತೆ ಬಿಸಿ ಮಾಡುತ್ತೇನೆ.

ಯಾದಗಿರಿ_ಲ್ಯಾಬ್ · 6:05

ಎಲ್ಲಾ ಒಂದೇ ಅಲ್ಲ. ಮತ್ತೆ ರೀಸ್ಟಾರ್ಟ್ ಶುರುವಾದರೆ ಮೊದಲು ಅನುಮಾನ ಅದರ ಮೇಲೆಯೇ ಇರಲಿ. ಆ ಮಾತು ಬಿಡಿ, ಇಡೀ ದಿನ ಸೀಸ ಮುಟ್ಟಿದ್ದೀರಿ. ಸಕ್ಕರ್ ಖಾಲಿ ಮಾಡಿದ ಪುಡಿ ಕಾಗದದಲ್ಲಿ ಕಟ್ಟಿಡಿ, ಕೈಗೆ ಸೋಪು ಹಾಕಿ ತೊಳೆದು ಆಮೇಲೆ ರೊಟ್ಟಿ ಮುಟ್ಟಿ.

ಹುಮನಾಬಾದ್_ಹುಡುಗ · 6:11

ಮೇಡಂ ಬೇರೆ ಚರ್ಚೆ ಶುರು ಮಾಡಿದ್ದೇನೆ. ಯಾರೂ ಬಂದಿಲ್ಲ.